ಬಿಸ್ಕತ್ತಿನ ಡಬ್ಬಿಯ ಸಣ್ಣಕ್ಷರವನ್ನು ಫೋನ್ ಕ್ಯಾಮೆರಾದಿಂದ ಓದುವುದು ಹೇಗೆ?

ಅಜ್ಜನಿಗೆ ಬೇಕಾದದ್ದು ಒಂದೇ ಉತ್ತರ: ಈ ಬಿಸ್ಕತ್ತಿನಲ್ಲಿ ಸಕ್ಕರೆ ಎಷ್ಟಿದೆ? ಉತ್ತರ ಡಬ್ಬಿಯ ಮೇಲೇ ಇದೆ. ಆದರೆ ಡಬ್ಬಿ ತಗಡಿನದು, ಗುಂಡನೆಯದು, ಅಡ್ಡಳತೆ ಸುಮಾರು 16 ಸೆಂಟಿಮೀಟರ್. ಕಡುನೀಲಿ ಬಣ್ಣದ ಮೇಲೆ ಚಿನ್ನದ ಬಣ್ಣದ ಅಕ್ಷರ, ಅದರ ಎತ್ತರ ಹೆಚ್ಚೆಂದರೆ 1 ಮಿಲಿಮೀಟರ್. ಓದುವ ಕನ್ನಡಕ ಹಾಕಿಕೊಂಡರೂ ಸಾಲುಗಳು ಬರೀ ಗೆರೆಗಳಾಗಿ ಕಾಣುತ್ತವೆ. ಫೋನಿನ ಕ್ಯಾಮೆರಾ ತೆರೆದು ಭೂತಗನ್ನಡಿಯಂತೆ ಡಬ್ಬಿಗೆ ತಾಗಿಸುವಷ್ಟು ಹತ್ತಿರ ಹಿಡಿದರೆ ಪೂರಾ ಮಸಕು. ಕತ್ತಲಿದೆಯೆಂದು ಫ್ಲ್ಯಾಷ್ ಹಾಕಿದರೆ ಅಕ್ಷರಗಳಿದ್ದ ಕಡೆಯೇ ಬಿಳಿ ಮಚ್ಚೆ.

ಈ ಎರಡು ತೊಡಕುಗಳಿಗೂ ಸ್ಪಷ್ಟವಾದ ಕಾರಣವಿದೆ. ಕಾರಣ ತಿಳಿದರೆ ಐದು ನಿಮಿಷದೊಳಗೆ ಇಡೀ ಪಟ್ಟಿಯನ್ನು ಓದಬಹುದು. ಅದಕ್ಕೆ ಹೊಸ ಫೋನಾಗಲಿ, ಬೇರೆ ಆ್ಯಪ್ ಆಗಲಿ ಬೇಕಿಲ್ಲ.

ಹತ್ತಿರ ಒಯ್ದಷ್ಟೂ ಮಸಕಾಗುವುದೇಕೆ

ಓದುವ ಕನ್ನಡಕ ಅಕ್ಷರವನ್ನು ಸ್ಪಷ್ಟ ಮಾಡುತ್ತದೆ, ಆದರೆ ಹೇಳಿಕೊಳ್ಳುವಷ್ಟು ದೊಡ್ಡದು ಮಾಡುವುದಿಲ್ಲ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ದೂರದೃಷ್ಟಿ ಸರಿಯಿದ್ದವರಿಗೆ ಪ್ಲಸ್ 2.5ರ ಕನ್ನಡಕ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟತೆ ಕೊಡುತ್ತದೆ, ಅದಕ್ಕಿಂತ ಹತ್ತಿರ ತಂದರೆ ಮತ್ತೆ ಮಸಕು. ಅಷ್ಟು ದೂರದಿಂದ 1 ಮಿಲಿಮೀಟರ್ ಅಕ್ಷರ ಕಣ್ಣಿಗೆ ತೀರಾ ಸಣ್ಣದು. ನೀಲಿಯ ಮೇಲೆ ಚಿನ್ನದ ಬಣ್ಣವಿದ್ದರಂತೂ ಇನ್ನೂ ಕಷ್ಟ.

ಕ್ಯಾಮೆರಾಕ್ಕೂ ಇಂಥದೇ ಮಿತಿಯಿದೆ. ಫೋನಿನ ಮುಖ್ಯ ಕ್ಯಾಮೆರಾ ಒಂದು ಕನಿಷ್ಠ ದೂರಕ್ಕಿಂತ ಹತ್ತಿರದ ವಸ್ತುವನ್ನು ಫೋಕಸ್ ಮಾಡಲಾರದು. ಹಳೆಯ ಫೋನುಗಳಲ್ಲಿ ಈ ದೂರ ಸುಮಾರು 8ರಿಂದ 10 ಸೆಂಟಿಮೀಟರ್ ಇತ್ತು. ದೊಡ್ಡ ಸೆನ್ಸರ್ ಇರುವ ಈಚಿನ ಫೋನುಗಳಲ್ಲಿ ಅದು 15, ಕೆಲವೊಮ್ಮೆ 20 ಸೆಂಟಿಮೀಟರನ್ನೂ ದಾಟುತ್ತದೆ. ಒಳ್ಳೆಯ ಫೋನ್ ಕೊಂಡ ಮೇಲೆ ಹತ್ತಿರದ ಚಿತ್ರಗಳು ಕೆಟ್ಟವೆಂದು ಕೆಲವರು ದೂರುವುದು ಇದರಿಂದಲೇ. ಫೋನ್ ಕೆಟ್ಟಿಲ್ಲ, ಹಿಡಿಯುವ ದೂರ ಬದಲಾಗಬೇಕು, ಅಷ್ಟೆ.

ಆದ್ದರಿಂದ ಮೊದಲ ನಿಯಮ: ಫೋನನ್ನು ಡಬ್ಬಿಯಿಂದ ಒಂದು ಗೇಣು ದೂರ ಹಿಡಿಯಿರಿ. ಗೇಣೆಂದರೆ ಸುಮಾರು 20 ಸೆಂಟಿಮೀಟರ್, ಬಹುಪಾಲು ಎಲ್ಲ ಫೋನುಗಳಿಗೂ ಒಗ್ಗುವ ದೂರ. ಅಷ್ಟು ದೂರದಿಂದ ಅಕ್ಷರ ಪರದೆಯ ಮೇಲೆ ಸಣ್ಣದಾಗೇ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಈ ದೂರದ 1 ಮಿಲಿಮೀಟರ್ ಅಕ್ಷರಕ್ಕೆ ಎತ್ತರದಲ್ಲಿ ಸುಮಾರು 14 ಚುಕ್ಕಿಗಳು ಸಿಗುತ್ತವೆ. ಓದಲು ಅಷ್ಟು ಸಾಕು. ಚಿತ್ರ ತೆಗೆದ ಮೇಲೆ ಹಿಗ್ಗಿಸಿಕೊಳ್ಳಬಹುದು. ಮಸಕಾಗಿ ತೆಗೆದ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮಸಕೇ.

ಫೋನನ್ನು ತೀರಾ ಹತ್ತಿರ ಒಯ್ದಾಗ ಕೆಲವು ಫೋನುಗಳಲ್ಲಿ ಪರದೆಯ ಮೇಲಿನ ದೃಶ್ಯ ಒಮ್ಮೆ ಜಿಗಿದಂತೆ ಕಾಣುತ್ತದೆ, ಮೂಲೆಯಲ್ಲೊಂದು ಹೂವಿನ ಚಿಹ್ನೆಯೂ ಮೂಡಬಹುದು. ಫೋನ್ ತಾನಾಗಿಯೇ ಅಗಲ ನೋಟದ ಇನ್ನೊಂದು ಕ್ಯಾಮೆರಾಕ್ಕೆ ಬದಲಾಗಿದೆ ಎಂದರ್ಥ. ದುಬಾರಿ ಫೋನುಗಳಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆಗ ಫೋನ್ ಡಬ್ಬಿಗೆ ಎರಡು ಮೂರು ಬೆರಳಗಲ ಹತ್ತಿರ ಇರುವುದರಿಂದ ಫೋನಿನ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಇನ್ನು ಅಗ್ಗದ ಫೋನುಗಳಲ್ಲಿ ‘ಮ್ಯಾಕ್ರೊ’ ಎಂದು ಕೊಟ್ಟಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಒಂದು ಗೇಣು ದೂರದಲ್ಲಿರುವ ಮುಖ್ಯ ಕ್ಯಾಮೆರಾ ಅದಕ್ಕಿಂತ ನಂಬಿಕಸ್ಥ.

ಡಬ್ಬಿಯನ್ನೂ ಬೆಳಕನ್ನೂ ಹೊಂದಿಸುವುದು

ಚಿತ್ರದ ಮುಕ್ಕಾಲು ಭಾಗ ಗೆಲ್ಲುವುದು ಇಲ್ಲೇ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಫೋನ್ ಹಿಡಿದರೆ ಎರಡೂ ಅಲುಗಾಡುತ್ತವೆ. ಡಬ್ಬಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅದರ ಎದುರಿಗೆ ಒಂದು ಗೇಣು ದೂರದಲ್ಲಿ ನಾಲ್ಕಾರು ಪುಸ್ತಕ ಪೇರಿಸಿ. ಫೋನನ್ನು ಅಡ್ಡಡ್ಡಲಾಗಿ ಹಿಡಿದು, ಅದರ ಕೆಳ ಅಂಚನ್ನು ಪುಸ್ತಕಗಳ ಮೇಲೆ ಊರಿದಾಗ ಕ್ಯಾಮೆರಾದ ಕಣ್ಣು ಅಕ್ಷರಗಳ ಎತ್ತರಕ್ಕೇ ಬರಬೇಕು. ಕಮ್ಮಿಯಾದರೆ ಇನ್ನೊಂದು ಪುಸ್ತಕ ಸೇರಿಸಿ. ಈಗ ಫೋನಿನ ಭಾರ ಪುಸ್ತಕದ ಮೇಲಿದೆ, ಕೈ ಬರೀ ಆಸರೆ. ಕೈ ನಡುಗುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇನ್ನು ಹೊಳಪು. ತಗಡು ಕನ್ನಡಿಯ ಗುಣದ್ದು, ತನ್ನ ಎದುರಿಗಿರುವುದನ್ನೆಲ್ಲ ತೋರಿಸುತ್ತದೆ. ಫ್ಲ್ಯಾಷ್ ಇರುವುದು ಕ್ಯಾಮೆರಾದ ಪಕ್ಕದಲ್ಲೇ. ಅದರ ಬೆಳಕು ಡಬ್ಬಿಯಲ್ಲಿ ಕ್ಯಾಮೆರಾಕ್ಕೆ ಎದುರಾಗಿರುವ ಭಾಗಕ್ಕೆ ಬಡಿದು, ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅಂದರೆ ನಾವು ಓದಬೇಕಾದ ಜಾಗವೇ ಬೆಳ್ಳಗಾಗುತ್ತದೆ. ಹಾಗಾಗಿ ಫ್ಲ್ಯಾಷನ್ನು ‘ಆಟೋ’ದಲ್ಲೂ ಬಿಡದೆ ಪೂರ್ತಿ ಆಫ್ ಮಾಡಿ.

ಬದಲಿಗೆ ಕಿಟಕಿಯ ಬೆಳಕು ಬಳಸಿ. ಕಿಟಕಿ ಎಲ್ಲಿರಬೇಕು ಎಂಬುದು ಮುಖ್ಯ. ಗುಂಡನೆಯ ಡಬ್ಬಿಯ ಮೇಲೆ ಕಿಟಕಿಯ ಪ್ರತಿಬಿಂಬ ಉದ್ದನೆಯ ಬಿಳಿ ಪಟ್ಟಿಯಾಗಿ ಬೀಳುತ್ತದೆ. ಆ ಪಟ್ಟಿ ಬೀಳುವ ಜಾಗ ಕ್ಯಾಮೆರಾಕ್ಕೂ ಕಿಟಕಿಗೂ ನಡುವಿನ ಕೋನದ ಸರಿಯಾಗಿ ಅರ್ಧದಲ್ಲಿರುತ್ತದೆ. ಕಿಟಕಿ ನಿಮ್ಮ ಭುಜದ ಹಿಂದಿದ್ದು ಈ ಕೋನ 40 ಡಿಗ್ರಿಯಷ್ಟಿದ್ದರೆ, ಪಟ್ಟಿ ಡಬ್ಬಿಯ ನಡುವಿನಿಂದ 20 ಡಿಗ್ರಿ ಪಕ್ಕಕ್ಕೆ, ಅಂದರೆ ಅಕ್ಷರಗಳ ಮೇಲೇ ಬೀಳುತ್ತದೆ. ಕಿಟಕಿ ಡಬ್ಬಿಗೆ ನೇರ ಪಕ್ಕದಲ್ಲಿದ್ದರೆ ಕೋನ 90, ಪಟ್ಟಿ 45 ಡಿಗ್ರಿಯಷ್ಟು ಆಚೆ ಸರಿದುಹೋಗುತ್ತದೆ, ನಡುವಿನ ಅಕ್ಷರಗಳು ಉಳಿಯುತ್ತವೆ. ಆದ್ದರಿಂದ ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ನೇರವಾಗಿರುವಂತೆ ಕುಳಿತುಕೊಳ್ಳಿ. ರಾತ್ರಿಯಾದರೆ ಮೇಜಿನ ದೀಪವನ್ನೂ ಹೀಗೇ ಪಕ್ಕಕ್ಕಿಡಿ. ಬೆಳಕು ಬೀಳದ ಕಡೆ ಡಬ್ಬಿ ತೀರಾ ಕಪ್ಪಾದರೆ ಅಲ್ಲೊಂದು ಬಿಳಿ ಹಾಳೆ ನಿಲ್ಲಿಸಿದರೆ ಸಾಕು, ಅದು ಬೆಳಕನ್ನು ಹಿಂದಿರುಗಿಸುತ್ತದೆ.

ಇದೆಲ್ಲ ಮಾಡಿದ ಮೇಲೂ ಅಕ್ಷರಗಳ ಮೇಲೆ ಬೆಳ್ಳನೆಯ ಮಂಜು ಉಳಿದಿದೆಯೇ? ಹಾಗಿದ್ದರೆ ಅದು ಬಹುಶಃ ಅಜ್ಜನ ಬಿಳಿ ಅಂಗಿ! ಕ್ಯಾಮೆರಾಕ್ಕೆ ಎದುರಾಗಿರುವ ಭಾಗದಲ್ಲಿ ಕ್ಯಾಮೆರಾದ ಹಿಂದೆ ಇರುವುದೇ ಕಾಣುವುದು. ಎದೆಯ ಮೇಲೊಂದು ಕಡುಬಣ್ಣದ ಶಾಲು ಹೊದ್ದುಕೊಂಡರೆ ಮಂಜು ಹೋಗಿ ನೀಲಿ ನೀಲಿಯಾಗಿಯೇ, ಚಿನ್ನದ ಬಣ್ಣ ಚಿನ್ನದ ಬಣ್ಣವಾಗಿಯೇ ಕಾಣುತ್ತದೆ.

ಚಿತ್ರ ತೆಗೆಯುವುದು

ಮೊದಲು ಕ್ಯಾಮೆರಾದ ಗಾಜನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡು ಅಂಟಿದ್ದರೆ ಹೊಳೆಯುವ ಅಕ್ಷರಗಳ ಸುತ್ತ ಪ್ರಭೆ ಮೂಡಿ ಅಂಚು ಕದಡುತ್ತದೆ, ಅದನ್ನು ಫೋಕಸ್ ತಪ್ಪಿದೆ ಎಂದುಕೊಂಡು ಸುಮ್ಮನೆ ಒದ್ದಾಡುತ್ತೇವೆ.

ನಂತರ ಪರದೆಯ ಮೇಲೆ ಝೂಮನ್ನು 2ಕ್ಕೆ ಇಡಿ. 48 ಅಥವಾ 50 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಅನೇಕ ಫೋನುಗಳಲ್ಲಿ ಇದರಿಂದ ನಿಜವಾಗಿಯೂ ಹೆಚ್ಚು ವಿವರ ಸಿಗುತ್ತದೆ. 12 ಮೆಗಾಪಿಕ್ಸೆಲ್ ಫೋನುಗಳಲ್ಲಿ ವಿವರ ಹೆಚ್ಚದಿದ್ದರೂ, ಪರದೆಯಲ್ಲಿ ಅಕ್ಷರದ ಸಾಲು ದೊಡ್ಡದಾಗಿ ಕಂಡು ಎಲ್ಲಿ ಮುಟ್ಟಬೇಕೆಂದು ಅಜ್ಜನಿಗೆ ಗೊತ್ತಾಗುತ್ತದೆ. 10 ಪಟ್ಟು, 20 ಪಟ್ಟು ಝೂಮ್‌ಗೆ ಹೋಗಬೇಡಿ. ಅಲ್ಲಿ ಅನೇಕ ಫೋನುಗಳು ಕಾಣದ ಗೆರೆಗಳನ್ನು ಊಹಿಸಿ ತಿದ್ದಿ ತೋರಿಸುತ್ತವೆ. ಚಿತ್ರ ಚೂಪಾಗಿ ಕಾಣುತ್ತದೆ, ಆದರೆ 3 ಇದ್ದದ್ದು 8 ಆಗಿರಬಹುದು.

ಅಕ್ಷರಗಳ ನಟ್ಟನಡುವೆ ಬೆರಳಿನಿಂದ ಒಮ್ಮೆ ಮುಟ್ಟಿ. ಒಂದು ಚೌಕವೋ ವೃತ್ತವೋ ಮೂಡುತ್ತದೆ, ಕ್ಯಾಮೆರಾ ಅಲ್ಲಿಗೆ ಫೋಕಸ್ ಮಾಡುತ್ತದೆ. ಅದರ ಪಕ್ಕದಲ್ಲೇ ಸಾಮಾನ್ಯವಾಗಿ ಸೂರ್ಯನ ಚಿಹ್ನೆ ಇರುತ್ತದೆ. ಅದನ್ನು ಕೆಳಕ್ಕೆ ಎಳೆದು ಚಿತ್ರವನ್ನು ಸ್ವಲ್ಪ ಮಂದ ಮಾಡಿ. ಡಬ್ಬಿ ಕಡುಬಣ್ಣದ್ದಾದ್ದರಿಂದ ಫೋನ್ ಕತ್ತಲೆಂದು ತಿಳಿದು ಬೆಳಕನ್ನು ಅತಿಯಾಗಿ ಏರಿಸಿರುತ್ತದೆ, ಆಗ ಚಿನ್ನದ ಬಣ್ಣದ ತೆಳು ಗೆರೆಗಳು ಹಿಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂದ ಮಾಡಿದೊಡನೆ 6ರ ಹೊಟ್ಟೆಯೊಳಗಿನ ಖಾಲಿ ಜಾಗ ಮತ್ತೆ ತೆರೆದುಕೊಳ್ಳುವುದನ್ನು ಪರದೆಯಲ್ಲೇ ನೋಡಬಹುದು.

ಈಗ 3 ಸೆಕೆಂಡಿನ ಟೈಮರ್ ಹಾಕಿ ಬಟನ್ ಒತ್ತಿ. ಬೆರಳು ಒತ್ತಿದಾಗಿನ ಅಲುಗಾಟ ನಿಲ್ಲಲು ಅಷ್ಟು ಸಮಯ ಸಾಕು. ಟೈಮರ್ ಸಿಗದಿದ್ದರೆ ಪರದೆಯ ಬಟನ್ ಬಿಟ್ಟು ಪಕ್ಕದ ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿ, ಬಹುತೇಕ ಫೋನುಗಳಲ್ಲಿ ಅದರಿಂದಲೂ ಚಿತ್ರ ತೆಗೆಯಬಹುದು.

ಒಂದೇ ಚಿತ್ರದಲ್ಲಿ ಇಡೀ ಪಟ್ಟಿ ಬರಲಿ ಎಂದು ಹಟ ಹಿಡಿಯಬೇಡಿ. 16 ಸೆಂಟಿಮೀಟರ್ ಅಡ್ಡಳತೆಯ ಡಬ್ಬಿಯಲ್ಲಿ ನಡುವಿನಿಂದ ಎಡಬಲಕ್ಕೆ 4 ಸೆಂಟಿಮೀಟರ್ ಸರಿದರೆ ಮೈ ಸುಮಾರು 1 ಸೆಂಟಿಮೀಟರ್ ಹಿಂದಕ್ಕೆ ಬಾಗಿರುತ್ತದೆ. ಅಲ್ಲಿಯವರೆಗೆ ಅಕ್ಷರ ಓದಲು ಬರುತ್ತದೆ. ಅದರಾಚೆ ಅಕ್ಷರಗಳು ಕಿರಿದಾಗಿ ಒತ್ತೊತ್ತಾಗುತ್ತವೆ, ಫೋಕಸೂ ಸಡಿಲಾಗುತ್ತದೆ. ಒಂದು ಚಿತ್ರ ತೆಗೆದು ಡಬ್ಬಿಯನ್ನು ನಿಂತಲ್ಲೇ ಸ್ವಲ್ಪ ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮೂರನೆಯದು ತೆಗೆಯಿರಿ. ಫೋನ್, ಪುಸ್ತಕ, ಬೆಳಕು ಯಾವುದನ್ನೂ ಕದಲಿಸಬೇಡಿ. ಒಂದು ಚಿತ್ರದ ಕೊನೆಯ ಪದ ಮುಂದಿನ ಚಿತ್ರದಲ್ಲೂ ಬರುವಂತೆ ನೋಡಿಕೊಂಡರೆ ಸಾಲು ತಪ್ಪುವುದಿಲ್ಲ.

ಹಿಗ್ಗಿಸಿ ಓದುವುದು

ಗ್ಯಾಲರಿಯಲ್ಲಿ ಚಿತ್ರ ತೆರೆದು, ಫೋನನ್ನು ಅಡ್ಡ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿ. ಅಕ್ಷರದ ಎತ್ತರ ಪರದೆಯ ಮೇಲೆ 4 ಮಿಲಿಮೀಟರ್ ಆಗುವವರೆಗೆ ಹಿಗ್ಗಿಸಿದರೆ ಓದುವ ಕನ್ನಡಕದೊಂದಿಗೆ ಹಾಯಾಗಿ ಓದಬಹುದು. ಅದಕ್ಕಿಂತ ಹೆಚ್ಚಿಸಿದರೆ ಒಂದು ಪದವೇ ಪರದೆ ತುಂಬಿ, ಯಾವ ಸಾಲಿನಲ್ಲಿದ್ದೇವೆಂದು ತಪ್ಪಿಹೋಗುತ್ತದೆ.

ಬಣ್ಣಗಳು ಒಂದರೊಳಗೊಂದು ಬೆರೆತಂತೆ ಕಂಡರೆ ತಿದ್ದುವ ಪುಟಕ್ಕೆ ಹೋಗಿ ಚಿತ್ರವನ್ನು ಕಪ್ಪು–ಬಿಳುಪು ಮಾಡಿ, ಕಾಂಟ್ರಾಸ್ಟನ್ನು ಏರಿಸಿ. ಚಿನ್ನದ ಬಣ್ಣಕ್ಕೂ ನೀಲಿಗೂ ಹೊಳಪಿನಲ್ಲಿ ದೊಡ್ಡ ಅಂತರವಿರುವುದರಿಂದ ಅಕ್ಷರ ಬಿಳಿಯಾಗಿ ಎದ್ದು ನಿಲ್ಲುತ್ತದೆ. ಆದರೆ ಕೆಂಪಿನ ಮೇಲೆ ಹಸಿರು ಅಕ್ಷರವಿದ್ದರೆ ಇದು ಕೈಕೊಡಬಹುದು, ಎರಡೂ ಒಂದೇ ಬೂದಿಬಣ್ಣವಾಗಿಬಿಡುತ್ತವೆ. ಆಗ ಬಣ್ಣದ ಚಿತ್ರದಲ್ಲೇ ಕಾಂಟ್ರಾಸ್ಟ್ ಏರಿಸಬೇಕು.

ಐಫೋನಿನಲ್ಲಿ Magnifier ಎಂಬ ಆ್ಯಪ್ ಮೊದಲಿನಿಂದಲೇ ಇರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದು ಸಿಗುತ್ತದೆ. ದೃಶ್ಯವನ್ನು ಹಿಡಿದು ನಿಲ್ಲಿಸುವ, ಬಣ್ಣ ತಿರುಗಿಸುವ ಅನುಕೂಲ ಅದರಲ್ಲಿದೆ. ಒಂದೆರಡು ಪದ ನೋಡಲು ಅದು ಚೆನ್ನ. ಅಂಕಿಗಳ ಪಟ್ಟಿಗೆ ಮಾತ್ರ ಚಿತ್ರ ತೆಗೆದಿಟ್ಟುಕೊಳ್ಳುವುದೇ ಮೇಲು, ಏಕೆಂದರೆ ಮುಂದಿನ ಕೆಲಸಕ್ಕೆ ಹಿಂದೆ ಮುಂದೆ ನೋಡಬೇಕಾಗುತ್ತದೆ.

ಓದಿದ ಅಂಕಿ ಸರಿಯೇ?

ಪದದಲ್ಲಿ ಒಂದಕ್ಷರ ಅಳಿಸಿದ್ದರೂ ಅರ್ಥದಿಂದ ತಿಳಿಯಬಹುದು. ಅಂಕಿಯಲ್ಲಿ ಆ ಸೌಲಭ್ಯವಿಲ್ಲ. 3 ಮತ್ತು 8, 1 ಮತ್ತು 7, 5 ಮತ್ತು 6 ಒಂದರಂತೊಂದು ಕಾಣುತ್ತವೆ. ದಶಮಾಂಶದ ಚುಕ್ಕಿಯಂತೂ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ. ಅದೃಷ್ಟಕ್ಕೆ ಪೌಷ್ಟಿಕಾಂಶದ ಪಟ್ಟಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂಥದ್ದು. ಅಜ್ಜನ ಡಬ್ಬಿಯಲ್ಲಿ 100 ಗ್ರಾಮಿಗೆ ಒಂದು ಕಂಬಸಾಲು, 25 ಗ್ರಾಮಿನ ಒಂದು ಸರ್ವಿಂಗ್‌ಗೆ, ಅಂದರೆ ಮೂರು ಬಿಸ್ಕತ್ತಿಗೆ, ಇನ್ನೊಂದು ಇದೆ. ಚಿತ್ರದಲ್ಲಿ ಮೊದಲು ಕಂಡದ್ದು ಹೀಗೆ:

| | 100 ಗ್ರಾಮಿಗೆ | 25 ಗ್ರಾಮಿಗೆ |
|---|---|---|
| ಶಕ್ತಿ (ಕಿಲೋಕ್ಯಾಲೊರಿ) | 464 | 116 |
| ಪ್ರೋಟೀನ್ (ಗ್ರಾಂ) | 6.8 | 1.7 |
| ಕಾರ್ಬೋಹೈಡ್ರೇಟ್ (ಗ್ರಾಂ) | 68 | 17 |
| ಅದರಲ್ಲಿ ಸಕ್ಕರೆ (ಗ್ರಾಂ) | 2.4 | 5.6 |
| ಕೊಬ್ಬು (ಗ್ರಾಂ) | 13.4 | 4.6 |

ಸಕ್ಕರೆ ಬರೀ 2.4 ಎಂದು ಅಜ್ಜ ಹಿಗ್ಗಿದರು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, “ಅಜ್ಜ, ನೂರು ಗ್ರಾಮಿನಲ್ಲಿ ಇರೋದು 2.4 ಆದರೆ ಇಪ್ಪತ್ತೈದು ಗ್ರಾಮಿನಲ್ಲಿ 5.6 ಎಲ್ಲಿಂದ ಬಂತು?” ಎಂದು ಕೇಳಿದಳು. ಕಾಲುಭಾಗ ಇಡಿಗಿಂತ ದೊಡ್ಡದಾಗಲು ಸಾಧ್ಯವಿಲ್ಲ. 25 ಗ್ರಾಂ ಎಂದರೆ 100ರ ಕಾಲುಭಾಗವಾದ್ದರಿಂದ ಬಲಗಡೆಯ ಪ್ರತಿಯೊಂದು ಅಂಕಿಯನ್ನೂ ನಾಲ್ಕರಿಂದ ಗುಣಿಸಿದರೆ ಎಡಗಡೆಯದು ಬರಬೇಕು. 116ಕ್ಕೆ 464 ಸರಿ, 17ಕ್ಕೆ 68 ಸರಿ. 5.6ಕ್ಕೆ 22.4 ಬರಬೇಕು. ಚಿತ್ರವನ್ನು ಮತ್ತೆ ನೋಡಿದರೆ ಒಂದು ಬಿಳಿ ಪಟ್ಟಿ ಮೊದಲ 2ನ್ನು ನುಂಗಿಬಿಟ್ಟಿತ್ತು. ಡಬ್ಬಿಯನ್ನು ಒಂದು ಬೆರಳಗಲ ತಿರುಗಿಸಿ ತೆಗೆದ ಚಿತ್ರದಲ್ಲಿ 22.4 ಸ್ವಚ್ಛವಾಗಿ ಬಂತು.

ಕೊಬ್ಬಿನ ಸಾಲೂ ಹೊಂದುವುದಿಲ್ಲ: 4.6ರ ನಾಲ್ಕರಷ್ಟು 18.4, ಆದರೆ ಕಂಡದ್ದು 13.4. ಇದನ್ನು ಶಕ್ತಿಯ ಲೆಕ್ಕದಿಂದಲೂ ಹಿಡಿಯಬಹುದು. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಮಿಗೆ 4 ಕಿಲೋಕ್ಯಾಲೊರಿ, ಕೊಬ್ಬು 9 ಕಿಲೋಕ್ಯಾಲೊರಿ ಕೊಡುತ್ತವೆ. 6.8ಕ್ಕೆ 27, 68ಕ್ಕೆ 272, ಕೊಬ್ಬು 13.4 ಎಂದರೆ 121, ಒಟ್ಟು 420. ಡಬ್ಬಿ ಹೇಳುವುದು 464. ಕೊಬ್ಬನ್ನು 18.4 ಎಂದಿಟ್ಟರೆ 166 ಸೇರಿ ಒಟ್ಟು 465, ಸರಿಹೋಯಿತು. ನಾರಿನ ಅಂಶ, ದುಂಡಾಗಿಸಿದ ಅಂಕಿಗಳ ಕಾರಣ ಹತ್ತಾರು ಕಿಲೋಕ್ಯಾಲೊರಿ ಹೆಚ್ಚುಕಮ್ಮಿ ಬಂದರೆ ತಲೆಕೆಡಿಸಿಕೊಳ್ಳಬೇಡಿ, 40–50ರ ಅಂತರ ಬಂದರೆ ಚಿತ್ರವನ್ನು ಮತ್ತೆ ತೆಗೆಯಿರಿ. ಒಂದೇ ಕಂಬಸಾಲು ಇರುವ ಡಬ್ಬಿಗಳಿಗೆ ಈ ಎರಡನೆಯ ಲೆಕ್ಕವೇ ಗತಿ. ಅದು ಸಕ್ಕರೆಯ ತಪ್ಪನ್ನು ಮಾತ್ರ ಹಿಡಿಯದು, ಏಕೆಂದರೆ ಸಕ್ಕರೆ ಕಾರ್ಬೋಹೈಡ್ರೇಟಿನೊಳಗೇ ಸೇರಿದೆ. ಹಾಗಾಗಿ ಅಂಥ ಡಬ್ಬಿಯಲ್ಲಿ ಸಕ್ಕರೆಯ ಸಾಲನ್ನು ಬೇರೆ ಬೇರೆ ಬೆಳಕಿನಲ್ಲಿ ಎರಡು ಸಲ ತೆಗೆದು ಹೋಲಿಸಿ.

ಈಗ ಅಜ್ಜನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೂರು ಬಿಸ್ಕತ್ತಿಗೆ 5.6 ಗ್ರಾಂ ಸಕ್ಕರೆ. ಒಂದು ಟೀ ಚಮಚೆ ಸಕ್ಕರೆ ಸುಮಾರು 4 ಗ್ರಾಂ ತೂಗುವುದರಿಂದ ಇದು ಸುಮಾರು ಒಂದೂವರೆ ಚಮಚೆ. ನಾಲ್ಕು ತಿಂದರೆ ಹೆಚ್ಚುಕಡಿಮೆ ಎರಡು.

ಲೆಕ್ಕದ ನಂತರವೂ ಅನುಮಾನವಿದ್ದು ದೂರದಲ್ಲಿರುವ ಮಗನಿಗೋ ಮಗಳಿಗೋ ಚಿತ್ರ ಕಳಿಸುವುದಾದರೆ, ಮೊದಲು ಪಟ್ಟಿಯಷ್ಟನ್ನೇ ಕತ್ತರಿಸಿಕೊಂಡು ಕಳಿಸಿ. ವಾಟ್ಸ್ಆ್ಯಪ್ ಚಿತ್ರದ ಗಾತ್ರವನ್ನು ಕುಗ್ಗಿಸುತ್ತದೆ. ಇಡೀ ಡಬ್ಬಿಯ ಚಿತ್ರ ಕಳಿಸಿದರೆ ಅಕ್ಷರದ ಚುಕ್ಕಿಗಳೇ ಕರಗಿಹೋಗುತ್ತವೆ, ಕತ್ತರಿಸಿದ ಚಿತ್ರದಲ್ಲಿ ಅವು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ.

ತಳದ ದಿನಾಂಕ

ಅನೇಕ ಡಬ್ಬಿಗಳಲ್ಲಿ ದಿನಾಂಕ ಇರುವುದು ತಳದಲ್ಲಿ. ಕೆಲವದರಲ್ಲಿ ಶಾಯಿಯ ಚುಕ್ಕಿಗಳು, ಕೆಲವದರಲ್ಲಿ ಬಣ್ಣವೇ ಇಲ್ಲದೆ ತಗಡಿನ ಮೇಲೆ ಒತ್ತಿದ ಉಬ್ಬು ಅಕ್ಷರ. ಉಬ್ಬಿಗೆ ಮೇಲೆ ಹೇಳಿದ ಯಾವ ಬೆಳಕೂ ಸಾಲದು, ಇಲ್ಲಿ ಬೇಕಾದದ್ದು ನೆರಳು. ಮುಚ್ಚಳ ಭದ್ರವಾಗಿದೆಯೇ ನೋಡಿಕೊಂಡು ಡಬ್ಬಿಯನ್ನು ಬೋರಲು ಹಾಕಿ, ಕೋಣೆಯ ದೀಪ ಆರಿಸಿ. ಒಂದು ಟಾರ್ಚನ್ನು ತಳದ ಅಂಚಿನಲ್ಲಿ ಬಹುತೇಕ ಮಲಗಿಸಿ ಹಿಡಿದು ಬೆಳಕು ತಗಡನ್ನು ಸವರಿಕೊಂಡು ಹೋಗುವಂತೆ ಮಾಡಿ. ಪ್ರತಿ ಉಬ್ಬಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ಕಪ್ಪಾಗಿ, ಅಂಕಿಗಳು ಎದ್ದು ಕಾಣುತ್ತವೆ. ತಳಕ್ಕೆ ಸುತ್ತಲೂ ಏರು ಅಂಚಿದ್ದು ನೆರಳು ಅಡ್ಡ ಬಂದರೆ ಟಾರ್ಚನ್ನು ಸ್ವಲ್ಪವೇ ಮೇಲೆತ್ತಿ. ಒಂದು ದಿಕ್ಕಿನಿಂದ ಅಡ್ಡಗೆರೆಗಳು ಚೆನ್ನಾಗಿ ಕಂಡರೆ ಇನ್ನೊಂದು ದಿಕ್ಕಿನಿಂದ ಉದ್ದಗೆರೆಗಳು ಕಾಣುತ್ತವೆ. ಹಾಗಾಗಿ ಟಾರ್ಚನ್ನು ಕಾಲು ಸುತ್ತು ತಿರುಗಿಸಿ ಎರಡನೆಯ ಚಿತ್ರ ತೆಗೆದರೆ 1 ಯಾವುದು 7 ಯಾವುದು ಎಂಬುದು ತೀರ್ಮಾನವಾಗುತ್ತದೆ.

05/08 ಎಂಬಂಥ ದಿನಾಂಕ ಕಂಡರೆ ಮೊದಲನೆಯದು ದಿನವೋ ತಿಂಗಳೋ ಎಂದು ಊಹಿಸಬೇಡಿ. ತಯಾರಾದ ದಿನ, ಬಳಕೆಯ ಕೊನೆಯ ದಿನ ಎರಡೂ ಇದ್ದರೆ ಒಂದರಲ್ಲಾದರೂ 12ಕ್ಕಿಂತ ದೊಡ್ಡ ಅಂಕಿ ಇದೆಯೇ ನೋಡಿ. ಅದು ವರ್ಷವಲ್ಲದಿದ್ದರೆ ದಿನವೇ ಆಗಿರಬೇಕು, ಇನ್ನೊಂದರಲ್ಲೂ ಅದೇ ಜಾಗದಲ್ಲಿರುವುದು ದಿನ.